ಬಳೆ, ಬ್ಯುರೆಟ್ ಮತ್ತು ಜಗಳ ಹಚ್ಚಿದ ಎರಡು ಫೋಟೊ

ಇವತ್ತು ನಾನು ಮಾತಾಡಬೇಕಾಗಿರುವುದು ಎರಡು ಫೋಟೊಗಳ ಬಗ್ಗೆ. ರೇಡಿಯೊದಲ್ಲಿ ಫೋಟೊ ತೋರಿಸಲಾಗುವುದಿಲ್ಲವಲ್ಲ ಎಂದು ನೀವು ನಗಬಹುದು. ಆದರೆ ಕಣ್ಣಿಗೆ ಕಂಡದ್ದನ್ನು ನಂಬಿ ಮೋಸಹೋದ ಕತೆಯನ್ನು ಕಣ್ಣು ಮುಚ್ಚಿಕೊಂಡು ಕೇಳುವುದೇ ಲೇಸು ಅನಿಸಿತು. ಮನೆಯಲ್ಲಿ ಯಾರ ಕೈಯಲ್ಲಾದರೂ ಬಳೆ ಇದ್ದರೆ ಒಂದನ್ನು ತೆಗೆದು ಪಕ್ಕದಲ್ಲಿಟ್ಟುಕೊಳ್ಳಿ. ಆಮೇಲೆ ಬೇಕಾಗುತ್ತದೆ.

ನಾನು ರಸಾಯನಶಾಸ್ತ್ರ ಪಾಠ ಹೇಳಿ ನಿವೃತ್ತನಾದವನು. ಇರುವುದು ಹೈದರಾಬಾದಿನ ಮಲ್ಕಾಜ್‌ಗಿರಿಯಲ್ಲಿ, ರೈಲು ನಿಲ್ದಾಣದ ಸದ್ದು ಕೇಳಿಸುವಷ್ಟು ಹತ್ತಿರ. ನಮ್ಮ ಕೆಳಗಿನ ಮನೆಯವರು ಬೀದರಿನ ಕಡೆಯವರು. ಮಂಜೀರಾ ಹೊಳೆ ಬೀದರ ಜಿಲ್ಲೆ ದಾಟಿ ಈ ಕಡೆ ಬರುವ ಹಾಗೆ ಅವರೂ ಬಂದು ನೆಲೆಸಿ ಬಹಳ ವರ್ಷವಾಯಿತು. ಅವರ ಮಗಳು ಇಂಟರ್ ಎರಡನೇ ವರ್ಷ ಓದುತ್ತಾಳೆ, ಅಂದರೆ ಕರ್ನಾಟಕದ ಲೆಕ್ಕದಲ್ಲಿ ದ್ವಿತೀಯ ಪಿಯುಸಿ. ಪ್ರಾಕ್ಟಿಕಲ್ ಪರೀಕ್ಷೆ ಹತ್ತಿರ ಬಂದಾಗ ಒಂದು ಸಂಜೆ ಮೊಬೈಲು ಹಿಡಿದುಕೊಂಡು ಮೇಲೆ ಬಂದಳು. ಮುಖ ಊದಿಸಿಕೊಂಡಿದ್ದಳು.

ಆದದ್ದು ಇಷ್ಟು. ಲ್ಯಾಬಿನಲ್ಲಿ ಇಬ್ಬರು ಹುಡುಗಿಯರು ಸೇರಿ ಒಂದು ಟೈಟ್ರೇಷನ್ ಮಾಡಿದ್ದಾರೆ. ಫ್ಲಾಸ್ಕಿನಲ್ಲಿ ಪಿಪೆಟ್ಟಿನಿಂದ ಅಳೆದು ಹಾಕಿದ 25 ಮಿಲಿಲೀಟರ್ ಹೈಡ್ರೋಕ್ಲೋರಿಕ್ ಆಮ್ಲ, ಬ್ಯುರೆಟ್ಟಿನಲ್ಲಿ 0.1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್. ಜೊತೆಗಾತಿ ಕಣ್ಣಿಂದ ನೋಡಿ ಪುಸ್ತಕದಲ್ಲಿ ಬರೆದುಕೊಂಡಳು: ಶುರುವಿನಲ್ಲಿ 0.50, ಕೊನೆಯಲ್ಲಿ 24.35. ನಮ್ಮ ಹುಡುಗಿ ಅದೇ ಹೊತ್ತಿನಲ್ಲಿ ಎರಡೂ ಮಟ್ಟದ ಫೋಟೊ ಹೊಡೆದುಕೊಂಡಿದ್ದಳು. ಮನೆಗೆ ಬಂದು ಫೋಟೊ ದೊಡ್ಡದು ಮಾಡಿ ನೋಡಿದರೆ ಪುಸ್ತಕದ ಅಂಕಿಗೂ ಫೋಟೊದ ಅಂಕಿಗೂ ತಾಳೆಯಿಲ್ಲ. ‘ಆಕಿ ತಪ್ಪು ಓದ್ಯಾಳ್ರಿ ಅಜ್ಜಾ. ನನ್ನ ಹತ್ರ ಫೋಟೊ ಅದ. ಫೋಟೊ ಸುಳ್ಳು ಹೇಳ್ತದೇನ್ರಿ?’ ಎಂದಳು.

ಸರಿ, ಎರಡನೇ ಫೋಟೊ ತೋರಿಸು, ನೀನು ಎಷ್ಟು ಓದಿದೆ ಹೇಳು ಎಂದೆ. ‘25.8’ ಎಂದಳು.

ಇದು ಮೊದಲನೆಯ ಎಡವು. ಲೋಟದಲ್ಲಿ, ಅಳತೆ ಜಾಡಿಯಲ್ಲಿ ಅಂಕಿ ಕೆಳಗಿನಿಂದ ಮೇಲಕ್ಕೆ ಏರುತ್ತದೆ. ನಮ್ಮ ಕಣ್ಣಿಗೂ ಅದೇ ರೂಢಿ. ಬ್ಯುರೆಟ್ಟು ಹಾಗಲ್ಲ. ಸೊನ್ನೆ ಮೇಲಿದೆ, 50 ಕೆಳಗೆ ನಲ್ಲಿಯ ಹತ್ತಿರ. ಕೊಳವೆಯೊಳಗೆ ಎಷ್ಟು ಉಳಿದಿದೆ ಎಂಬುದು ಅದಕ್ಕೆ ಬೇಕಿಲ್ಲ, ಎಷ್ಟು ಹೊರಗೆ ಹೋಯಿತು ಎಂಬುದನ್ನು ಅದು ಹೇಳುತ್ತದೆ. ಫೋಟೊದಲ್ಲಿ ದ್ರವದ ಮಟ್ಟದ ಮೇಲುಗಡೆ 24, ಕೆಳಗಡೆ 25 ಇತ್ತು. ಇವಳು ಕೆಳಗಿನ 25ರಿಂದ ಮೇಲಕ್ಕೆ ಎಂಟು ಮನೆ ಎಣಿಸಿ 25.8 ಎಂದಿದ್ದಳು. 24ರಿಂದ ಕೆಳಕ್ಕೆ ಎಣಿಸಬೇಕು, ಎರಡು ಮನೆ. ಈ ತಪ್ಪನ್ನು ಹಿಡಿಯುವುದು ಸುಲಭ. ಮಟ್ಟ 24 ಮತ್ತು 25ರ ನಡುವೆ ಕೂತಿರುವಾಗ 25 ದಾಟಿದ ಉತ್ತರ ಬರಲು ಸಾಧ್ಯವೇ ಇಲ್ಲವಲ್ಲ. ಅವಳೂ ನಾಲಿಗೆ ಕಚ್ಚಿಕೊಂಡು, ‘ಅಂದ್ರ 24.2’ ಎಂದಳು. ಪುಸ್ತಕದಲ್ಲಿದ್ದದ್ದು 24.35. ಜಗಳ ಇನ್ನೂ ಉಳಿಯಿತು.

ಮುಂದೆ ಹೋಗುವ ಮುಂಚೆ ನಾನು ಆ ಫೋಟೊವನ್ನು ಮತ್ತೆ ಕಳಿಸಲು ಹೇಳಬೇಕಾಯಿತು. ಅವಳ ಮೊಬೈಲಿನಲ್ಲಿ ಚೆನ್ನಾಗಿಯೇ ಕಾಣುತ್ತಿತ್ತು, ನನಗೆ ವಾಟ್ಸಾಪಿನಲ್ಲಿ ಬಂದದ್ದು ಮಸುಕು. ಕಾರಣ ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. 50 ಮಿಲಿಲೀಟರ್ ಬ್ಯುರೆಟ್ಟಿನಲ್ಲಿ ಒಂದು ಸಣ್ಣ ಮನೆ, ಅಂದರೆ 0.1 ಮಿಲಿಲೀಟರ್, ಕೊಳವೆಯ ಉದ್ದದಲ್ಲಿ ಹೆಚ್ಚುಕಡಿಮೆ ಒಂದು ಮಿಲಿಮೀಟರ್. ಅವಳ ಫೋಟೊದ ಉದ್ದಕ್ಕೆ ನಲವತ್ತು ಸೆಂಟಿಮೀಟರಿಗಿಂತ ತುಸು ಹೆಚ್ಚಿನ ಕೊಳವೆ ಹಿಡಿದಿತ್ತು. ಮೊಬೈಲಿನ ಮೂಲ ಚಿತ್ರದ ಉದ್ದ ನಾಲ್ಕು ಸಾವಿರ ಪಿಕ್ಸೆಲ್, ಹಾಗಾಗಿ ಒಂದು ಮನೆಗೆ ಒಂಬತ್ತು ಹತ್ತು ಪಿಕ್ಸೆಲ್ ಸಿಗುತ್ತದೆ. ವಾಟ್ಸಾಪು ಸಾಮಾನ್ಯವಾಗಿ ಚಿತ್ರವನ್ನು ಕುಗ್ಗಿಸಿ ಉದ್ದವನ್ನು ಸುಮಾರು 1600ಕ್ಕೆ ಇಳಿಸುತ್ತದೆ. ಆಗ ಒಂದು ಮನೆಗೆ ಉಳಿಯುವುದು ನಾಲ್ಕೇ ಪಿಕ್ಸೆಲ್. ಎರಡನೇ ದಶಮಾಂಶ ಅಲ್ಲಿಯೇ ಸತ್ತುಹೋಯಿತು, ಆಮೇಲೆ ಬೆರಳಿನಿಂದ ಎಷ್ಟು ಹಿಗ್ಗಿಸಿದರೂ ಬದುಕುವುದಿಲ್ಲ. ಅದೇ ಚಿತ್ರವನ್ನು ಡಾಕ್ಯುಮೆಂಟ್ ಎಂದು ಆರಿಸಿ ಕಳಿಸಿದರೆ ಮೂಲದಂತೆಯೇ ಬರುತ್ತದೆ. ಹಾಗೆ ತರಿಸಿಕೊಂಡೆ.

ಈಗ ಮಟ್ಟ ಎಂಬುದೆಲ್ಲಿದೆ ನೋಡೋಣ. ಗಾಜಿನ ಕೊಳವೆಯಲ್ಲಿ ನೀರು ಸಮತಟ್ಟಾಗಿ ನಿಲ್ಲುವುದಿಲ್ಲ. ಗಾಜಿಗೆ ಅಂಟುವ ಗುಣದಿಂದ ಅಂಚಿನಲ್ಲಿ ಮೇಲೆ ಹತ್ತುತ್ತದೆ, ನಡುವೆ ಬಟ್ಟಲಿನಂತೆ ಇಳಿದಿರುತ್ತದೆ. ಇದಕ್ಕೆ ಮೆನಿಸ್ಕಸ್ ಎನ್ನುತ್ತಾರೆ. ಗ್ರೀಕಿನಲ್ಲಿ ಆ ಮಾತಿಗೆ ಪುಟ್ಟ ಚಂದ್ರ ಎಂದರ್ಥವಂತೆ, ಬಿದಿಗೆಯ ಚಂದ್ರ ಅಂದುಕೊಳ್ಳಿ. ಅಂಚಿಗೂ ನಡುವಿನ ತಳಕ್ಕೂ ಇಂಥ ಕೊಳವೆಯಲ್ಲಿ ಎರಡು ಮಿಲಿಮೀಟರ್ ಆಸುಪಾಸು ಅಂತರವಿರುತ್ತದೆ. ಆದ್ದರಿಂದ ಅಂಚನ್ನು ಓದಿದವನಿಗೂ ತಳವನ್ನು ಓದಿದವನಿಗೂ 0.2 ಮಿಲಿಲೀಟರ್ ವ್ಯತ್ಯಾಸ ಬೀಳುತ್ತದೆ. ಪಾರದರ್ಶಕ ದ್ರವಕ್ಕೆ ತಳವನ್ನೇ ಓದಬೇಕು. ಇನ್ನೂ ನಾಜೂಕಾಗಿ ಹೇಳುವುದಾದರೆ, ಗೆರೆಗೂ ಒಂದು ದಪ್ಪ ಇರುತ್ತದಲ್ಲ, ಆ ಗೆರೆಯ ಮೇಲಂಚಿಗೆ ಚಂದ್ರನ ತಳ ಮುಟ್ಟಬೇಕು. ಬ್ಯುರೆಟ್ಟನ್ನು ಗುರುತು ಹಾಕುವಾಗ ಹಿಡಿಯುವ ಕಟ್ಟಳೆ ಅದು.

ಫೋಟೊದಲ್ಲಿ ಈ ತಳ ಹುಡುಕುವುದು ಒಮ್ಮೊಮ್ಮೆ ಕಷ್ಟ. ಕಿಟಕಿಯ ಬೆಳಕು, ಫ್ಲ್ಯಾಷಿನ ಹೊಳಪು ಗಾಜಿನ ಮೇಲೆ ಬಿದ್ದು ಸುಳ್ಳು ಗೆರೆಗಳನ್ನು ಎಳೆಯುತ್ತವೆ. ಲ್ಯಾಬಿನಲ್ಲಿ ನಾವು ಬಿಳಿ ಕಾರ್ಡಿನ ಕೆಳ ಅರ್ಧಕ್ಕೆ ಕಪ್ಪು ಮಸಿ ಬಳಿದು ಕೊಳವೆಯ ಹಿಂದೆ ಹಿಡಿಯುತ್ತಿದ್ದೆವು. ಕಪ್ಪಿನ ಅಂಚು ಮಟ್ಟಕ್ಕಿಂತ ಒಂದೆರಡು ಮಿಲಿಮೀಟರ್ ಕೆಳಗಿದ್ದರೆ ಚಂದ್ರನ ತಳ ಕಾಡಿಗೆ ಹಚ್ಚಿದಂತೆ ಎದ್ದು ಕಾಣುತ್ತದೆ. ಕೆಲವು ಬ್ಯುರೆಟ್ಟುಗಳ ಬೆನ್ನಿಗೆ ಬಿಳಿ ಪಟ್ಟಿ, ಅದರ ನಡುವೆ ನೀಲಿ ಗೆರೆ ಇರುತ್ತದೆ. ಅಲ್ಲಿ ಮೆನಿಸ್ಕಸ್ ಆ ನೀಲಿ ಗೆರೆಯನ್ನು ಹಿಂಡಿ ಬಾಣದ ಮೊನೆಯಂತೆ ಮಾಡಿ ತೋರಿಸುತ್ತದೆ, ಮೊನೆಯನ್ನೇ ಓದಿದರಾಯಿತು. ನಮ್ಮ ಹುಡುಗಿಯ ಫೋಟೊದಲ್ಲಿ ಕಾರ್ಡೂ ಇರಲಿಲ್ಲ, ನೀಲಿ ಗೆರೆಯೂ ಇರಲಿಲ್ಲ. ಆದರೂ ಹಿಂದಿನ ಗೋಡೆ ಬಿಳಿಯಾಗಿದ್ದರಿಂದ ತಳ ಸ್ಪಷ್ಟವಾಗಿಯೇ ಇತ್ತು. 24ರ ಕೆಳಗಿನ ಎರಡನೇ ಗೆರೆಯ ಮೇಲೆ ಸರಿಯಾಗಿ ಕೂತಿತ್ತು.

‘24.2 ಅಲ್ಲ, 24.20 ಅಂತ ಬರೆ’ ಎಂದೆ. ‘ಸೊನ್ನಿ ಹಚ್ಚಿದ್ರ ಏನ್ ಬದಲಾತ್ರಿ?’ ಎಂದಳು. ಪ್ರಶ್ನೆ ನ್ಯಾಯವಾದದ್ದು. ಗಣಿತದ ಮೇಷ್ಟರಿಗೆ ಎರಡೂ ಒಂದೇ. ಅಳೆಯುವವನಿಗೆ ಒಂದೇ ಅಲ್ಲ. 24.2 ಎಂದು ಬರೆದವನು ಹತ್ತಿರದ ಗೆರೆ ಯಾವುದೋ ಅದನ್ನು ಹೇಳಿ ಸುಮ್ಮನಾಗಿದ್ದಾನೆ. ಮಟ್ಟ 24.15ರಿಂದ 24.25ರೊಳಗೆ ಎಲ್ಲಿಯಾದರೂ ಇರಬಹುದು. 24.20 ಎಂದು ಬರೆದವನು ಎರಡು ಗೆರೆಗಳ ನಡುವಿನ ಖಾಲಿ ಜಾಗವನ್ನೂ ನೋಡಿದ್ದೇನೆ, ಮಟ್ಟ ಅಲ್ಲೆಲ್ಲೂ ಇಲ್ಲ, ಗೆರೆಯ ಮೇಲೆಯೇ ಇದೆ ಎಂದು ಸಾಕ್ಷಿ ಹೇಳುತ್ತಿದ್ದಾನೆ. ಆ ಸೊನ್ನೆ ನೋಡಿ ಬರೆದ ಅಂಕಿ. ಗೆರೆ ಕೊರೆದಿರುವುದು 0.1ರ ತನಕ, ಅದರಾಚೆಗಿನ ಒಂದು ಅಂಕಿಯನ್ನು ಕಣ್ಣಂದಾಜಿನಲ್ಲಿ ಹಾಕಬೇಕು. ಒಂದೇ ಅಂಕಿ.

ಆ ಅಂದಾಜಿನಲ್ಲಿ ಎಷ್ಟು ಧೈರ್ಯ ಮಾಡಬಹುದು ಎಂಬುದರಲ್ಲಿ ಪದ್ಧತಿಗಳು ಬೇರೆ ಬೇರೆ. ಕೇಂಬ್ರಿಜ್ ಪರೀಕ್ಷೆಗಳಲ್ಲಿ ಕೊನೆಯ ಅಂಕಿ ಸೊನ್ನೆ ಇಲ್ಲವೇ ಐದು ಆಗಿರಬೇಕು ಎನ್ನುತ್ತಾರೆ. ಗೆರೆಯ ಮೇಲಿದ್ದರೆ ಸೊನ್ನೆ, ನಡುವೆ ಇದ್ದರೆ ಐದು. ಕೈ ಪಳಗಿದವರು ಮನೆಯನ್ನು ಐದು ಪಾಲು ಮಾಡಿ 0.02ರ ತನಕ ಹೇಳುತ್ತಾರೆ. ನಮ್ಮ ಕಡೆಯ ಎಷ್ಟೋ ಕಾಲೇಜುಗಳ ರೆಕಾರ್ಡ್ ಪುಸ್ತಕಗಳಲ್ಲಿ ಒಂದೇ ದಶಮಾಂಶ ಬರೆಸಿ ಮೂರು ರೀಡಿಂಗ್ ಒಂದೇ ಬಂದರೆ ಮುಗಿಯಿತು ಎನ್ನುವುದುಂಟು. ನನಗೆ ಅದು ಸೇರುವುದಿಲ್ಲ. ಒಂದು ದಶಮಾಂಶಕ್ಕೆ ಇಳಿಸಿದರೆ ಬೇರೆ ಬೇರೆ ಬಂದ ರೀಡಿಂಗುಗಳೂ ಒಂದೇ ಆಗಿ ಕಾಣುತ್ತವೆ, ಮಕ್ಕಳು ತಮ್ಮ ಕೈ ಸ್ಥಿರವಾಗಿದೆ ಎಂದು ನಂಬಿಬಿಡುತ್ತಾರೆ. ಇನ್ನು ಫೋಟೊ ಇದೆಯೆಂದು ಪಿಕ್ಸೆಲ್ ಎಣಿಸಿ 24.347 ಎಂದು ಬರೆಯುವವರೂ ಇದ್ದಾರೆ. ಬ್ಯುರೆಟ್ಟಿನ ಗೆರೆಯ ದಪ್ಪವೇ 0.02, 0.03 ಮಿಲಿಲೀಟರಿನಷ್ಟಿರುತ್ತದೆ. ಎ ದರ್ಜೆಯ 50 ಮಿಲಿಲೀಟರ್ ಬ್ಯುರೆಟ್ಟಿಗೇ 0.05ರಷ್ಟು ಹೆಚ್ಚುಕಡಿಮೆ ಮಾಫಿ, ಬಿ ದರ್ಜೆಗೆ 0.1. ಅಂಥದರಲ್ಲಿ ಮೂರನೇ ದಶಮಾಂಶ ಹುಡುಕುವುದೆಂದರೆ ಕಟ್ಟಿಗೆ ಅಂಗಡಿಯ ತಕ್ಕಡಿಯಲ್ಲಿ ಬಂಗಾರ ತೂಗಿದ ಹಾಗೆ.

ಸರಿ, ಫೋಟೊ 24.20 ಎನ್ನುತ್ತದೆ, ಪುಸ್ತಕ 24.35 ಎನ್ನುತ್ತದೆ. ಮೊದಲನೇ ಫೋಟೊ ತೆಗೆಸಿದೆ. ಅದರಲ್ಲಿ ತಳ 0.6 ಮತ್ತು 0.7ರ ನಟ್ಟನಡುವೆ ಇತ್ತು, 0.65. ಪುಸ್ತಕದಲ್ಲಿ 0.50. ಇಲ್ಲಿಗೆ ಬಂದಾಗ ನನಗೆ ಕುತೂಹಲ ಹತ್ತಿತು. ಜೊತೆಗಾತಿ ಅಡ್ಡಾದಿಡ್ಡಿ ಓದಿದ್ದರೆ ತಪ್ಪು ಹೀಗೆ ಸಮನಾಗಿ ಬರುತ್ತಿರಲಿಲ್ಲ. ಮೇಲೆ ಫೋಟೊ 0.15 ಹೆಚ್ಚು ತೋರಿಸುತ್ತಿದೆ, ಕೆಳಗೆ ಅಷ್ಟೇ 0.15 ಕಡಿಮೆ ತೋರಿಸುತ್ತಿದೆ.

ಈಗ ನಿಮ್ಮ ಬಳೆ ತೆಗೆದುಕೊಳ್ಳಿ. ಗಾಜಿನದಾದರೂ ಸರಿ, ಲಾಡ್ ಬಜಾರಿನ ಅರಗಿನ ಬಳೆಯಾದರೂ ಸರಿ. ನೆಲಕ್ಕೆ ಸಮನಾಗಿ ಮಲಗಿಸಿದಂತೆ ಹಿಡಿದು ಕಣ್ಣಿನ ನೇರಕ್ಕೆ ತನ್ನಿ. ಒಂದು ಕಣ್ಣು ಮುಚ್ಚಿ. ಬಳೆ ಬಳೆಯಾಗಿ ಕಾಣುವುದಿಲ್ಲ, ಒಂದು ಅಡ್ಡ ಕಡ್ಡಿಯಾಗಿ ಕಾಣುತ್ತದೆ. ಹಾಗೇ ಸಮವಾಗಿಟ್ಟುಕೊಂಡು ತಲೆಯ ಎತ್ತರಕ್ಕೆ ಎತ್ತಿ. ನಿಮ್ಮ ಕಡೆಯ ಅಂಚು ಈಗ ಕಮಾನಿನಂತೆ ಮೇಲಕ್ಕೆ ಬಾಗಿತು. ಎದೆಯ ಮಟ್ಟಕ್ಕೆ ಇಳಿಸಿ. ನಿಮ್ಮ ಕಡೆಯ ಅಂಚು ತೊಟ್ಟಿಲಿನಂತೆ ಕೆಳಕ್ಕೆ ಜೋತಿತು. ಬಳೆ ಬಾಗಿಲ್ಲ, ನಿಮ್ಮ ಕಣ್ಣು ಎಲ್ಲಿದೆ ಎಂಬುದನ್ನು ಅದು ಹೇಳುತ್ತಿದೆ.

ಬ್ಯುರೆಟ್ಟಿನ ಗೆರೆಗಳೂ ಬಳೆಗಳೇ. ಪೂರ್ತಿ ಮಿಲಿಲೀಟರಿನ ಉದ್ದ ಗೆರೆಗಳು ಕೊಳವೆಯ ಸುತ್ತ ಬಳಸಿಕೊಂಡಿರುತ್ತವೆ, ಅಗ್ಗದ ಬ್ಯುರೆಟ್ಟಿನಲ್ಲಿಯೂ ಒಂದಷ್ಟು ದೂರ ಸುತ್ತಿರುತ್ತವೆ. ಹುಡುಗಿಯ ಎರಡು ಫೋಟೊಗಳಲ್ಲಿಯೂ ಮೇಲಿನಿಂದ ಕೆಳಕ್ಕೆ ಒಂದೊಂದೇ ಉದ್ದ ಗೆರೆ ನೋಡುತ್ತಾ ಬಂದೆವು. ಸೊನ್ನೆಯ ಹತ್ತಿರ ಗೆರೆಗಳು ಕಮಾನು. ಇಳಿಯುತ್ತಾ ಇಳಿಯುತ್ತಾ ಕಮಾನು ಚಪ್ಪಟೆಯಾಯಿತು. 12ರ ಗೆರೆ ಬಿಗಿದ ದಾರದಂತೆ ನೇರ. ಅದರ ಕೆಳಗೆ ಗೆರೆಗಳು ತೊಟ್ಟಿಲಾಗತೊಡಗಿದವು, 24ರ ಹತ್ತಿರ ಚೆನ್ನಾಗಿಯೇ ಜೋತಿದ್ದವು. ‘ಮೊಬೈಲು ಎಲ್ಲಿಟ್ಟಿದ್ದೆ?’ ಎಂದೆ. ಕೈ ನಡುಗಬಾರದೆಂದು ಪುಸ್ತಕಗಳನ್ನು ಒಂದರ ಮೇಲೊಂದು ಪೇರಿಸಿ ಅದಕ್ಕೆ ಆನಿಸಿಟ್ಟಿದ್ದಳಂತೆ, ಒಂದು ಮೊಳ ದೂರದಲ್ಲಿ. ಎರಡು ಫೋಟೊಗೂ ಅಲ್ಲಿಂದ ಕದಲಿಸಿಲ್ಲ. ಅವಳ ಪ್ರಕಾರ ಅದೇ ಅವಳ ಜಾಣತನ. ಕ್ಯಾಮೆರಾ 12ರ ಗೆರೆಯ ನೇರಕ್ಕಿತ್ತು ಎಂಬುದನ್ನು ಗೆರೆಗಳು ಅವಳಿಗಿಂತ ಮೊದಲೇ ನನಗೆ ಹೇಳಿದ್ದವು.

ಇದರ ಪರಿಣಾಮ ನೋಡಿ. ಗೆರೆಗಳಿರುವುದು ಕೊಳವೆಯ ಮುಂಗಡೆಯ ಹೊರಮೈ ಮೇಲೆ. ಚಂದ್ರನ ತಳ ಇರುವುದು ಕೊಳವೆಯ ನಟ್ಟನಡುವೆ, ಗೆರೆಯಿಂದ ಆರೇಳು ಮಿಲಿಮೀಟರ್ ಹಿಂದಕ್ಕೆ. ಮೇಲಿನಿಂದ ಕೆಳಕ್ಕೆ ನೋಡಿದರೆ ನೋಟದ ಗೆರೆ ಮುಂಗಡೆಯ ಗಾಜನ್ನು ಸ್ವಲ್ಪ ಎತ್ತರದಲ್ಲಿ ದಾಟಿ ತಳವನ್ನು ಮುಟ್ಟುತ್ತದೆ. ಹಾಗಾಗಿ ತಳ ಇರುವುದಕ್ಕಿಂತ ಮೇಲಿನ ಗೆರೆಯ ಮೇಲೆ ಕೂತಂತೆ ಕಾಣುತ್ತದೆ. ಬ್ಯುರೆಟ್ಟಿನಲ್ಲಿ ಮೇಲಿನ ಗೆರೆ ಎಂದರೆ ಚಿಕ್ಕ ಅಂಕಿ. ಕೆಳಗಿನಿಂದ ಮೇಲಕ್ಕೆ ನೋಡಿದರೆ ತಿರುಗಾಮುರುಗಾ, ಅಂಕಿ ದೊಡ್ಡದಾಗುತ್ತದೆ.

ಎಷ್ಟು ಎಂದೂ ಅಂದಾಜು ಮಾಡಬಹುದು. 12ರಿಂದ 24ಕ್ಕೆ ಕೊಳವೆಯ ಮೇಲೆ ಹನ್ನೆರಡು ಹದಿಮೂರು ಸೆಂಟಿಮೀಟರ್. ಕ್ಯಾಮೆರಾದ ದೂರ ಸುಮಾರು ನಲವತ್ತು. ಅಂದರೆ ನೋಟ ಮುಂದೆ ಹೋಗುವ ಪ್ರತಿ ಮೂರು ಪಾಲಿಗೆ ಹತ್ತಿರಹತ್ತಿರ ಒಂದು ಪಾಲು ಇಳಿಯುತ್ತದೆ. ಆರೇಳು ಮಿಲಿಮೀಟರಿನ ಅಂತರದಲ್ಲಿ ಅದು ಎರಡು ಮಿಲಿಮೀಟರ್ ಇಳಿತ. ಗಾಜು, ನೀರು ಬೆಳಕನ್ನು ಬಗ್ಗಿಸುವುದರಿಂದ ತುಸು ಕಡಿಮೆಯಾಗಿ ಒಂದೂವರೆಯಿಂದ ಎರಡರೊಳಗೆ ಬರುತ್ತದೆ. ಒಂದು ಮಿಲಿಮೀಟರ್ ಎಂದರೆ 0.1 ಮಿಲಿಲೀಟರ್ ಎಂದೆನಲ್ಲ. 0.15ರ ಲೆಕ್ಕ ಸಿಕ್ಕಿತು. ಮೇಲಿನ ಫೋಟೊದಲ್ಲಿಯೂ ಅಷ್ಟೇ ಓರೆ, ಆದರೆ ಕೆಳಗಿನಿಂದ. ಈ ಲೆಕ್ಕದಿಂದ ಫೋಟೊದ ಅಂಕಿಯನ್ನು 0.05ರ ಮಟ್ಟಿಗೆ ತಿದ್ದಿಬಿಡಬಹುದು ಎಂದು ನಾನು ಹೇಳುವುದಿಲ್ಲ, ಗಾಜಿನ ದಪ್ಪ, ಮೊಳದ ಅಳತೆ ಎಲ್ಲವೂ ಅಂದಾಜು. ತಪ್ಪು ಯಾವ ದಿಕ್ಕಿಗೆ, ಯಾವ ಗಾತ್ರದ್ದು ಎಂದು ಹೇಳಬಹುದು. ಜೊತೆಗಾತಿಯ ಪುಸ್ತಕ ಆ ದಿಕ್ಕಿಗೂ ಆ ಗಾತ್ರಕ್ಕೂ ಹೊಂದಿತು.

ಕ್ಯಾಮೆರಾ ಕದಲಿಸದಿದ್ದರೆ ಎರಡೂ ಸಲದ ತಪ್ಪು ಒಂದೇ ಆಗಿ, ಕಳೆದಾಗ ಹೊಡೆದುಹೋಗುತ್ತದೆ ಎಂದು ಹುಡುಗಿ ಎಣಿಸಿದ್ದಳು. ಬುದ್ಧಿವಂತಿಕೆಯ ಮಾತೇ. ಆದರೆ ಮಟ್ಟ ಕದಲಿತಲ್ಲ. ಒಮ್ಮೆ ಕ್ಯಾಮೆರಾದ ಮೇಲಿತ್ತು, ಒಮ್ಮೆ ಕೆಳಗೆ. ತಪ್ಪುಗಳು ಹೊಡೆದುಹೋಗುವ ಬದಲು ಕೂಡಿಕೊಂಡವು. ಪುಸ್ತಕದ ಪ್ರಕಾರ 24.35ರಲ್ಲಿ 0.50 ಕಳೆದರೆ 23.85 ಮಿಲಿಲೀಟರ್. ಫೋಟೊದ ಪ್ರಕಾರ 24.20ರಲ್ಲಿ 0.65 ಕಳೆದರೆ 23.55. ಆಮ್ಲದ ಸಾಂದ್ರತೆ ಮೊದಲನೆಯದರಲ್ಲಿ 0.0954 ಮೋಲಾರ್, ಎರಡನೆಯದರಲ್ಲಿ 0.0942. ನೂರಕ್ಕೆ ಒಂದಕ್ಕಿಂತ ಹೆಚ್ಚಿನ ತಪ್ಪು. ಪರೀಕ್ಷಕರು ಅಂಕ ಕತ್ತರಿಸಲು ಅಷ್ಟು ಸಾಕು.

‘ಹಂಗಾದ್ರ ಫೋಟೊ ಹೊಡೀಬಾರದೇನ್ರಿ?’ ಹೊಡೆಯಬಹುದು. ಪ್ರತಿ ಸಲವೂ ಮಟ್ಟ ಎಲ್ಲಿದೆಯೋ ಅಲ್ಲಿಗೆ ಮೊಬೈಲನ್ನು ಒಯ್ಯಬೇಕು. ಮಟ್ಟದ ಪಕ್ಕದ ಉದ್ದ ಗೆರೆ ಪರದೆಯ ಮೇಲೆ ನೇರ ಕಡ್ಡಿಯಾಗಿ ಕಾಣುವ ತನಕ ಏರಿಸಿ ಇಳಿಸಿ ನೋಡಬೇಕು. ಹತ್ತಿರ ಹೋಗುವುದಕ್ಕಿಂತ ಒಂದು ಮೀಟರ್ ಹಿಂದೆ ನಿಂತು ಜೂಮ್ ಮಾಡುವುದು ಮೇಲು. ಅಷ್ಟು ದೂರದಿಂದ ಐದು ಸೆಂಟಿಮೀಟರ್ ಎತ್ತರ ತಪ್ಪಿದರೂ ತಪ್ಪು 0.03ರೊಳಗೆ ಉಳಿಯುತ್ತದೆ. ಬ್ಯುರೆಟ್ಟು ಸ್ಟ್ಯಾಂಡಿನಲ್ಲಿ ವಾಲಿದ್ದರೆ ಮೊದಲು ಅದನ್ನು ನೆಟ್ಟಗೆ ಮಾಡಿಕೊಳ್ಳಬೇಕು, ಇಲ್ಲದಿದ್ದರೆ ಗೆರೆಗಳ ಸಾಕ್ಷಿಯೂ ಕೆಡುತ್ತದೆ.

ಮರುವಾರ ಪೊಟ್ಯಾಸಿಯಂ ಪರ್ಮಾಂಗನೇಟಿನ ಪ್ರಯೋಗ. ಅದರ ಫೋಟೊ ಕಳಿಸುವ ಮುಂಚೆಯೇ ಅವಳು ಕೇಳಿದಳು, ತಳವೇ ಕಾಣುವುದಿಲ್ಲವಲ್ಲ ಎಂದು. ನೇರಳೆ ಹಣ್ಣಿನ ರಸದಂಥ ಆ ದ್ರಾವಣದಲ್ಲಿ ತಳ ಮುಳುಗಿಹೋಗಿರುತ್ತದೆ. ಅಲ್ಲಿ ಗಾಜಿಗೆ ಅಂಟಿದ ಮೇಲಂಚನ್ನೇ ಓದಬೇಕು, ಶುರುವಿನಲ್ಲಿಯೂ ಕೊನೆಯಲ್ಲಿಯೂ. ಎರಡರಲ್ಲಿಯೂ ಮೇಲಂಚೇ ಆದರೆ ಆ ಎರಡು ಮಿಲಿಮೀಟರ್ ಕಳೆಯುವಾಗ ಹೊಡೆದುಹೋಗುತ್ತದೆ. ಕೆಲವರು ಶುರುವಿನಲ್ಲಿ ಬೆಳಕಿಗೆ ಹಿಡಿದು ಕಷ್ಟಪಟ್ಟು ತಳ ಓದಿ, ಕೊನೆಗೆ ಬೇಸತ್ತು ಅಂಚು ಓದುತ್ತಾರೆ. ಆಗ 0.2 ಮಿಲಿಲೀಟರ್ ಎಲ್ಲಿ ಹೋಯಿತೆಂದು ಹುಡುಕುತ್ತಾ ಕೂರಬೇಕಾಗುತ್ತದೆ.

ಫೋಟೊ ಬಂತು. ಡಾಕ್ಯುಮೆಂಟಾಗಿಯೇ ಬಂತು. ಒಂದು ಮೀಟರ್ ಹಿಂದಿನಿಂದ ಹೊಡೆದದ್ದು, ಹಿಂದೆ ಬಿಳಿ ಕಾಗದ, ಮಟ್ಟದ ಪಕ್ಕದ 19ರ ಗೆರೆ ಕಡ್ಡಿ ಇಟ್ಟಂತೆ ನೇರ. ಕೆಳಗೆ ಅವಳ ಕೈಬರಹದ ಚೀಟಿ: ಮೇಲಂಚು 19.40. ನಾನೂ ಹಿಗ್ಗಿಸಿ ನೋಡಿದೆ, 19.40 ಸರಿಯಾಗಿತ್ತು. ಬೆರಳು ಹಾಗೇ ಚಿತ್ರವನ್ನು ಕೆಳಕ್ಕೆ ಸರಿಸಿತು. ನಲ್ಲಿಯ ತುದಿಯಲ್ಲಿ ಒಂದು ನೇರಳೆ ಹನಿ, ಬೀಳಲೋ ಬೇಡವೋ ಎಂದು ತೂಗಾಡುತ್ತಿತ್ತು. ಒಂದು ಹನಿ ಎಂದರೆ ಸುಮಾರು 0.05 ಮಿಲಿಲೀಟರ್. ಕೊಳವೆಯ ಲೆಕ್ಕದಲ್ಲಿ ಅದು ಹೊರಗೆ ಹೋಗಿದೆ, ಫ್ಲಾಸ್ಕಿನ ಲೆಕ್ಕದಲ್ಲಿ ಇನ್ನೂ ಬಂದಿಲ್ಲ. ಮೆಟ್ಟಿಲ ಬಳಿ ನಿಂತು ಅವಳ ಹೆಸರು ಹಿಡಿದು ಕೂಗಿದೆ.